ಪ್ಲೇ ಸ್ಟೋರ್‌ಗೆ ಅಪ್‌ಡೇಟ್ ಬಿಡುವುದು: ಇಂಟರ್ನಲ್ ಟೆಸ್ಟ್‌ನಿಂದ ಕೆಟ್ಟ ಬಿಡುಗಡೆಯನ್ನು ತಡೆಯುವವರೆಗೆ

"ಕೆಟ್ಟ ಅಪ್‌ಡೇಟ್ ಹೋಗಿಬಿಟ್ಟಿದೆ, ಹಳೆಯದಕ್ಕೆ ವಾಪಸ್ ಹೋಗುವುದು ಹೇಗೆ?" ಆಂಡ್ರಾಯ್ಡ್ ಆ್ಯಪ್ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಚಿಕ್ಕದು: ವಾಪಸ್ ಹೋಗಲು ಆಗುವುದಿಲ್ಲ. ಗೂಗಲ್ ಪ್ಲೇಯಲ್ಲಿ ಹರಡುವುದನ್ನು ನಿಲ್ಲಿಸಬಹುದು, ಆದರೆ ಈಗಾಗಲೇ ಫೋನಿಗೆ ಇಳಿದ ಆವೃತ್ತಿಯನ್ನು ಕಿತ್ತುಕೊಳ್ಳಲಾಗದು. ಇಂಟರ್ನಲ್ ಟೆಸ್ಟ್, ಕ್ಲೋಸ್ಡ್ ಟೆಸ್ಟ್, ಹಂತಹಂತದ ಬಿಡುಗಡೆ ಎಂಬ ಮೂರು ಮೆಟ್ಟಿಲುಗಳು ಇರುವುದೇ ಈ ಕಾರಣಕ್ಕೆ. ಮೂರನ್ನೂ ಯಾವ ಕ್ರಮದಲ್ಲಿ ಹತ್ತಬೇಕು, ಎಲ್ಲಿ ಕಾಲು ಜಾರುತ್ತದೆ, ಜಾರಿದ ಮೇಲೆ ಏನು ಮಾಡಬೇಕು ಎಂಬುದನ್ನು ಒಂದು ಉದಾಹರಣೆಯ ಜೊತೆ ನೋಡೋಣ.

ಉದಾಹರಣೆಗೆ ಕಿರಾಣಿ ಅಂಗಡಿಯವರ ಉದ್ರಿ ಲೆಕ್ಕ ಇಡುವ ಒಂದು ಆ್ಯಪ್ ಎಂದುಕೊಳ್ಳಿ. ಲೆಕ್ಕವೆಲ್ಲ ಫೋನಿನೊಳಗಿನ ಡೇಟಾಬೇಸ್‌ನಲ್ಲೇ ಇರುತ್ತದೆ. ಬಳಸುವವರು 40,000 ಮಂದಿ. ಈಗ ಎಲ್ಲರ ಬಳಿ ಇರುವುದು 41ನೇ ಆವೃತ್ತಿ, ನೀವು ಬಿಡಲು ಹೊರಟಿರುವುದು 42. ಹೊಸ ಆವೃತ್ತಿಯಲ್ಲಿ ಪ್ರತಿ ಗಿರಾಕಿಗೂ ಉದ್ರಿಯ ಮಿತಿ ಹಾಕುವ ಸೌಲಭ್ಯವಿದೆ. ಅದರ ಜೊತೆಗೆ, ಒಂದೇ ಫೋನ್ ನಂಬರ್ ಎರಡು ಬಾರಿ ದಾಖಲಾಗಬಾರದು ಎಂಬ ನಿಯಮವನ್ನೂ ಡೇಟಾಬೇಸ್‌ಗೆ ಸೇರಿಸಿದ್ದೀರಿ.

## ಶುರು ಮಾಡುವ ಮುನ್ನ ಬೇಕಾದವು

ಪ್ಲೇ ಕನ್ಸೋಲ್ ಖಾತೆ, ಸಹಿ ಹಾಕಿದ ಆ್ಯಪ್ ಬಂಡಲ್ (`.aab` ಕಡತ), ಟೆಸ್ಟರ್‌ಗಳ ಜಿಮೇಲ್ ವಿಳಾಸಗಳು. ಇಷ್ಟರ ಜೊತೆಗೆ ಈಗ ಜನರ ಕೈಲಿರುವ ಆವೃತ್ತಿಯೇ ಇರುವ, ನಿಜವಾದ ಬಳಕೆಯ ಡೇಟಾ ತುಂಬಿರುವ ಕನಿಷ್ಠ ಎರಡು ಫೋನ್‌ಗಳನ್ನು ಕಾದಿಟ್ಟುಕೊಳ್ಳಿ. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಇದು ಏಕೆ ಬೇಕು ಎಂಬುದು ಮುಂದೆ ತಿಳಿಯುತ್ತದೆ.

ವರ್ಷನ್ ಕೋಡ್ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಗ್ರ್ಯಾಡಲ್ ಕಡತದಲ್ಲಿ ಎರಡು ಸಾಲುಗಳಿರುತ್ತವೆ:

```
versionCode = 42
versionName = "2.3.0"
```

ಎರಡನೆಯದು ಜನರಿಗೆ ಕಾಣುವ ಹೆಸರು, ಅದನ್ನು ಏನು ಬೇಕಾದರೂ ಬರೆಯಬಹುದು. ಯಾವುದು ಹೊಸದು, ಯಾವುದು ಹಳೆಯದು ಎಂದು ಪ್ಲೇ ತೀರ್ಮಾನಿಸುವುದು ಮೊದಲನೆಯದನ್ನು ನೋಡಿ ಮಾತ್ರ. ಒಮ್ಮೆ ಅಪ್‌ಲೋಡ್ ಮಾಡಿದ ಸಂಖ್ಯೆಯನ್ನು ಇನ್ನೊಂದು ಬಿಲ್ಡ್‌ಗೆ ಬಳಸುವಂತಿಲ್ಲ, ಆ ಬಿಡುಗಡೆಯನ್ನು ಯಾರಿಗೂ ಕಳಿಸದೆ ಕೈಬಿಟ್ಟಿದ್ದರೂ ಅಷ್ಟೆ. ಸಂಖ್ಯೆ ವ್ಯರ್ಥವಾಯಿತೆಂದು ಚಿಂತೆ ಬೇಡ, ಮುಂದಿನ ಸಂಖ್ಯೆಗೆ ಹೋಗಿ.

## ಹಂತ 1: ಇಂಟರ್ನಲ್ ಟೆಸ್ಟಿಂಗ್

ಟ್ರ್ಯಾಕ್ ಎಂದರೆ ಒಂದೇ ಆ್ಯಪ್‌ನ ಬೇರೆ ಬೇರೆ ಆವೃತ್ತಿಗಳನ್ನು ಬೇರೆ ಬೇರೆ ಗುಂಪಿನ ಜನರಿಗೆ ತಲುಪಿಸುವ ಪ್ರತ್ಯೇಕ ದಾರಿ. ಅವುಗಳಲ್ಲಿ ಅತಿ ಚಿಕ್ಕ ದಾರಿ ಇಂಟರ್ನಲ್ ಟೆಸ್ಟಿಂಗ್. ಇಲ್ಲಿ 100 ಟೆಸ್ಟರ್‌ಗಳವರೆಗೆ ಸೇರಿಸಬಹುದು. ಅಪ್‌ಲೋಡ್ ಮಾಡಿದ ಕೆಲವೇ ನಿಮಿಷಗಳಲ್ಲಿ ಬಿಲ್ಡ್ ಅವರಿಗೆ ಸಿಗುತ್ತದೆ. ಮೊಟ್ಟಮೊದಲ ಸಲ ಮಾತ್ರ ಲಿಂಕ್ ಕೆಲಸ ಮಾಡಲು ಕೆಲವು ಗಂಟೆ ಹಿಡಿಯಬಹುದು.

1. ಕನ್ಸೋಲ್‌ನಲ್ಲಿ `Test and release` ಅಡಿಯಲ್ಲಿ `Internal testing` ತೆರೆಯಿರಿ.
2. `Testers` ಟ್ಯಾಬ್‌ನಲ್ಲಿ ಇಮೇಲ್ ಪಟ್ಟಿ ಮಾಡಿ, ಅದನ್ನು ಆಯ್ಕೆ ಮಾಡಿ ಉಳಿಸಿ.
3. `Create new release` ಒತ್ತಿ ಬಂಡಲ್ ಹಾಕಿ, ಬಿಡುಗಡೆ ಮಾಡಿ.
4. `Testers` ಟ್ಯಾಬ್‌ನ ಕೆಳಗೆ ಸಿಗುವ ಲಿಂಕನ್ನು ಟೆಸ್ಟರ್‌ಗಳಿಗೆ ಕಳಿಸಿ. ಅವರು ಅದನ್ನು ತೆರೆದು ಒಪ್ಪಿಗೆ ಕೊಟ್ಟ ಮೇಲಷ್ಟೇ ಟೆಸ್ಟ್ ಆವೃತ್ತಿ ಸಿಗುತ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು.

"ಲಿಂಕ್ ತೆರೆದರೆ ಆ್ಯಪ್ ಸಿಗುತ್ತಿಲ್ಲ" ಎಂಬ ದೂರು ಬಂದರೆ ಮೊದಲು ಅವರ ಖಾತೆ ನೋಡಿ. ಒಂದೇ ಫೋನಿನಲ್ಲಿ ಎರಡು ಜಿಮೇಲ್ ಇರುತ್ತವೆ. ನಿಮಗೆ ಕೊಟ್ಟ ವಿಳಾಸ ಒಂದು, ಬ್ರೌಸರ್‌ನಲ್ಲಿ ತೆರೆದಿರುವುದು ಇನ್ನೊಂದು, ಪ್ಲೇ ಸ್ಟೋರ್‌ನಲ್ಲಿ ಆಯ್ಕೆಯಾಗಿರುವುದು ಮತ್ತೂ ಬೇರೆ. ಮೂರೂ ಒಂದೇ ಆಗಿರಬೇಕು.

ಇಂಟರ್ನಲ್ ಟೆಸ್ಟ್‌ನಲ್ಲಿ ಹಿಡಿಯಬೇಕಾದದ್ದು ಮುಖ್ಯವಾಗಿ ಎರಡು. ಮೊದಲನೆಯದು ಸಹಿಯ ಸಮಸ್ಯೆ. ನೀವು ಅಪ್‌ಲೋಡ್ ಕೀ ಬಳಸಿ ಸಹಿ ಹಾಕಿದ ಬಂಡಲ್‌ನಿಂದ ಗೂಗಲ್ ಫೋನಿಗೆ ಬೇಕಾದ ಎಪಿಕೆ ತಯಾರಿಸಿ, ಅದಕ್ಕೆ ತನ್ನ ಬಳಿ ಇರುವ ಬೇರೆ ಕೀಯಿಂದ ಸಹಿ ಹಾಕುತ್ತದೆ. ಹೀಗಾಗಿ ನಿಮ್ಮ ಲ್ಯಾಪ್‌ಟಾಪ್‌ನಿಂದ ಹಾಕಿದಾಗ ಸರಿಯಾಗಿದ್ದ ಗೂಗಲ್ ಲಾಗಿನ್ ಪ್ಲೇಯಿಂದ ಇಳಿಸಿದಾಗ ಕೈಕೊಡಬಹುದು. ದೋಷ ಸಂಖ್ಯೆ 10, `DEVELOPER_ERROR` ಎಂದು ಕಂಡರೆ ಹೆಚ್ಚಾಗಿ ಕಾರಣ ಇದೇ. ಕನ್ಸೋಲ್‌ನ ಆ್ಯಪ್ ಸೈನಿಂಗ್ ಪುಟದಲ್ಲಿರುವ `SHA-1` ಬೆರಳಚ್ಚನ್ನು ನಿಮ್ಮ ಫೈರ್‌ಬೇಸ್ ಅಥವಾ ಗೂಗಲ್ ಕ್ಲೌಡ್ ಪ್ರಾಜೆಕ್ಟ್‌ಗೂ ಸೇರಿಸಬೇಕು. ಎರಡನೆಯದು, ಕೋಡನ್ನು ಕುಗ್ಗಿಸುವ `R8` ಎಂಬ ಸಾಧನ. ಅದು ಸಾಮಾನ್ಯವಾಗಿ ಬಿಡುಗಡೆಯ ಬಿಲ್ಡ್‌ನಲ್ಲಿ ಮಾತ್ರ ಓಡುತ್ತದೆ. ಬಳಕೆಯಾಗುತ್ತಿಲ್ಲ ಎಂದುಕೊಂಡು ಅದು ಬೇಕಾದ ಕ್ಲಾಸನ್ನೇ ತೆಗೆದುಹಾಕಿದರೆ ಡೀಬಗ್ ಬಿಲ್ಡ್‌ನಲ್ಲಿ ಎಂದೂ ಕಾಣದ ಕ್ರ್ಯಾಶ್ ಇಲ್ಲಿ ಕಾಣಿಸುತ್ತದೆ.

ಟೆಸ್ಟರ್ ಫೋನಿನಲ್ಲಿ ನಿಜಕ್ಕೂ ಯಾವ ಬಿಲ್ಡ್ ಇದೆ ಎಂದು ಅನುಮಾನ ಬಂದರೆ ಹೀಗೆ ಕೇಳಿ:

```
adb shell dumpsys package com.example.lekka | grep versionCode
```

ಇನ್ನೊಂದು ಎಚ್ಚರಿಕೆ. ಇಂಟರ್ನಲ್ ಟ್ರ್ಯಾಕ್‌ಗೆ ಹೋಗುವ ಬಿಲ್ಡ್ ಗೂಗಲ್‌ನ ಎಂದಿನ ಪರಿಶೀಲನೆಗೆ ಒಳಪಡದೇ ಇರಬಹುದು. ಇಲ್ಲಿ ಸಲೀಸಾಗಿ ದಾಟಿತೆಂದರೆ ಪ್ಲೇಯ ನಿಯಮಗಳಿಗೆ ಒಪ್ಪಿಗೆಯಾಯಿತು ಎಂದಲ್ಲ.

## ಹಂತ 2: ಮೇಲೆ ಕೂರಿಸಿ ನೋಡುವುದು

ಇದು ಪ್ಲೇ ಕನ್ಸೋಲ್‌ನಲ್ಲಿ ಎಲ್ಲೂ ಬರೆದಿಲ್ಲದ ಹಂತ. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ಹಂತಗಳಿಗಿಂತ ಮುಖ್ಯವಾದದ್ದೂ ಇದೇ.

ಟೆಸ್ಟರ್‌ಗಳು ಸಾಮಾನ್ಯವಾಗಿ ಏನು ಮಾಡುತ್ತಾರೆ? ಲಿಂಕ್ ಒತ್ತಿ ಆ್ಯಪ್ ಹೊಸದಾಗಿ ಇಳಿಸಿಕೊಳ್ಳುತ್ತಾರೆ. ಡೆವಲಪರ್‌ಗಳ ಫೋನಿನಲ್ಲಿ ಲ್ಯಾಪ್‌ಟಾಪ್‌ನಿಂದ ಹಾಕಿದ ಡೀಬಗ್ ಬಿಲ್ಡ್ ಇರುತ್ತದೆ. ಅದರ ಸಹಿ ಬೇರೆಯಾದ್ದರಿಂದ ಪ್ಲೇಯ ಆವೃತ್ತಿ ಅದರ ಮೇಲೆ ಕೂರುವುದಿಲ್ಲ, ಆದ್ದರಿಂದ ಅವರೂ ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕುತ್ತಾರೆ. ಹೊಸದಾಗಿ ಹಾಕಿದಾಗ ಡೇಟಾಬೇಸ್ ನೇರವಾಗಿ ಹೊಸ ರೂಪದಲ್ಲೇ ಹುಟ್ಟುತ್ತದೆ. ಹಳೆಯದನ್ನು ಹೊಸದಕ್ಕೆ ಪರಿವರ್ತಿಸುವ ಕೋಡ್, ಅಂದರೆ ಮೈಗ್ರೇಶನ್, ಓಡುವುದೇ ಇಲ್ಲ. ಆದರೆ ನಿಮ್ಮ 40,000 ಬಳಕೆದಾರರಲ್ಲಿ ಪ್ರತಿಯೊಬ್ಬರ ಫೋನಿನಲ್ಲೂ ಮೊದಲು ಓಡುವುದು ಅದೇ ಕೋಡ್.

ನಮ್ಮ ಉದಾಹರಣೆಯ ಆ್ಯಪ್ ರೂಮ್ ಎಂಬ ಡೇಟಾಬೇಸ್ ಲೈಬ್ರರಿಯನ್ನು ಬಳಸುತ್ತದೆ. 41ರಲ್ಲಿ ಡೇಟಾಬೇಸ್‌ನ ಆವೃತ್ತಿ 3, 42ರಲ್ಲಿ 4. ಮೈಗ್ರೇಶನ್‌ನಲ್ಲಿ ಎರಡು ಸಾಲುಗಳಿವೆ:

```
ALTER TABLE customer
  ADD COLUMN credit_limit INTEGER NOT NULL DEFAULT 0;
CREATE UNIQUE INDEX index_customer_phone
  ON customer(phone);
```

ಮೊದಲನೆಯದರಲ್ಲಿ ತೊಂದರೆಯಿಲ್ಲ. ಎರಡನೆಯದು, ಕೋಷ್ಟಕದಲ್ಲಿ ಆಗಲೇ ಒಂದೇ ನಂಬರ್ ಎರಡು ಕಡೆ ಇದ್ದರೆ ಸೋಲುತ್ತದೆ. ಟೆಸ್ಟರ್ ಸೇರಿಸುವ ಐದಾರು ಗಿರಾಕಿಗಳಲ್ಲಿ ಹಾಗಿರುವುದಿಲ್ಲ. ನಿಜವಾದ ಅಂಗಡಿಯಲ್ಲಿ ಇರುತ್ತದೆ: ಅಪ್ಪನ ಉದ್ರಿ ಬೇರೆ, ಮಗನ ಉದ್ರಿ ಬೇರೆ, ಇಬ್ಬರಿಗೂ ಮನೆಯ ನಂಬರ್ ಒಂದೇ. ಇಂಥ ನಮೂದು 100 ಅಂಗಡಿಗಳಲ್ಲಿ 3ರಲ್ಲಿ ಇದೆ ಎಂದು ಲೆಕ್ಕಕ್ಕೆ ಹಿಡಿಯೋಣ.

ಹಾಗಾಗಿ ಕ್ರಮ ಹೀಗಿರಲಿ. ಟೆಸ್ಟ್‌ಗೆ ಸೇರಿಲ್ಲದ ಖಾತೆಯಿಂದ ಪ್ಲೇಯಲ್ಲಿರುವ 41ನ್ನೇ ಇಳಿಸಿ. ಕೆಲವು ದಿನ ನಿಜವಾಗಿ ಬಳಸಿ, ಇಲ್ಲವೇ ಬ್ಯಾಕಪ್‌ನಿಂದ ದೊಡ್ಡ ಲೆಕ್ಕವನ್ನು ತುಂಬಿ. ಖಾಲಿ ಬಿಟ್ಟ ಜಾಗಗಳು, ಒಂದೇ ಬಗೆಯ ಎರಡು ನಮೂದುಗಳು, ಕನ್ನಡದಲ್ಲಿ ಬರೆದ ಹೆಸರುಗಳು ಅದರಲ್ಲಿರಲಿ. ಆಮೇಲೆ ಅದೇ ಖಾತೆಯನ್ನು ಟೆಸ್ಟ್ ಪಟ್ಟಿಗೆ ಸೇರಿಸಿ, ಲಿಂಕ್‌ನಲ್ಲಿ ಒಪ್ಪಿಗೆ ಕೊಟ್ಟು, ಪ್ಲೇಯಲ್ಲಿ ಅಪ್‌ಡೇಟ್ ಒತ್ತಿ. ಅನ್‌ಇನ್‌ಸ್ಟಾಲ್ ಮಾಡಲೇಬೇಡಿ. ಆ್ಯಪ್ ತೆರೆದಾಗ ಹಳೆಯ ಲೆಕ್ಕ ಪೂರ್ತಿ ಇದೆಯೇ, ಒಟ್ಟು ಮೊತ್ತ ಒಂದು ರೂಪಾಯಿಯೂ ಬದಲಾಗಿಲ್ಲವೇ ನೋಡಿ.

## ಹಂತ 3: ಕ್ಲೋಸ್ಡ್ ಟೆಸ್ಟಿಂಗ್

ಇಲ್ಲಿ ತಂಡದ ಹೊರಗಿನವರು ಬರುತ್ತಾರೆ. ಇಮೇಲ್ ಪಟ್ಟಿಯನ್ನೋ ಗೂಗಲ್ ಗ್ರೂಪನ್ನೋ ಬಳಸಬಹುದು. ಒಂದು ಇಮೇಲ್ ಪಟ್ಟಿಯಲ್ಲಿ 2,000 ಜನರವರೆಗೆ ಇರಬಹುದು. ಈ ಟ್ರ್ಯಾಕ್‌ಗೆ ಗೂಗಲ್ ಪರಿಶೀಲನೆ ಇರುವುದರಿಂದ ಬಿಲ್ಡ್ ಕೂಡಲೇ ಸಿಗುವುದಿಲ್ಲ. ಟೆಸ್ಟರ್‌ಗಳು ಪ್ಲೇಯಲ್ಲಿ ಬರೆಯುವ ಅಭಿಪ್ರಾಯ ನಿಮಗೆ ಮಾತ್ರ ಕಾಣುತ್ತದೆ, ಆ್ಯಪ್‌ನ ಸಾರ್ವಜನಿಕ ರೇಟಿಂಗ್‌ಗೆ ಸೇರುವುದಿಲ್ಲ.

ಹೊಸಬರಿಗೆ ಇದು ಐಚ್ಛಿಕವಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಪ್ರೊಡಕ್ಷನ್‌ಗೆ ಅರ್ಜಿ ಹಾಕುವ ಮೊದಲು ಕನಿಷ್ಠ 12 ಟೆಸ್ಟರ್‌ಗಳು ಸತತ 14 ದಿನ ಕ್ಲೋಸ್ಡ್ ಟೆಸ್ಟ್‌ನಲ್ಲಿ ಸೇರಿಕೊಂಡಿರಬೇಕು. ಮೊದಲು ಈ ಸಂಖ್ಯೆ 20 ಇತ್ತು, 2024ರ ಡಿಸೆಂಬರ್‌ನಲ್ಲಿ ಇಳಿಸಿದರು. ಸಂಸ್ಥೆಯ ಹೆಸರಿನ ಖಾತೆಗೆ ಈ ಷರತ್ತು ಇಲ್ಲ. ಇಲ್ಲಿ ಎಡವುವುದು "ಸತತ" ಎಂಬ ಪದದ ಮೇಲೆ. ಸರಿಯಾಗಿ 12 ಜನರನ್ನೇ ಸೇರಿಸಿಕೊಂಡು, ಹತ್ತನೆಯ ದಿನ ಒಬ್ಬರು ಟೆಸ್ಟ್‌ನಿಂದ ಹೊರಬಂದರೆ ಎಣಿಕೆ ಹಾಳು. 18-20 ಜನರನ್ನು ಸೇರಿಸಿಕೊಂಡರೆ ನೆಮ್ಮದಿ. ಇಂಟರ್ನಲ್ ಟೆಸ್ಟ್‌ನಲ್ಲಿರುವವರು ಈ ಎಣಿಕೆಗೆ ಬರುವುದಿಲ್ಲ. ಅದೇ ಖಾತೆಯಿಂದ ಅವರು ಕ್ಲೋಸ್ಡ್ ಟೆಸ್ಟ್‌ಗೆ ಬರಬೇಕಾದರೆ ಮೊದಲು ಇಂಟರ್ನಲ್‌ನಿಂದ ಹೊರಬರಬೇಕು. 14 ದಿನ ಮುಗಿದ ಮೇಲೆ, ಟೆಸ್ಟ್‌ನಲ್ಲಿ ಏನು ಕಲಿತಿರಿ, ಏನು ಬದಲಾಯಿಸಿದಿರಿ ಎಂದು ಕೇಳುತ್ತಾರೆ. ಬಂದ ದೂರುಗಳನ್ನು ದಿನಾಂಕದ ಸಮೇತ ಬರೆದಿಟ್ಟುಕೊಂಡಿದ್ದರೆ ಉತ್ತರ ಬರೆಯುವುದು ಸುಲಭ.

ಬಂಡಲನ್ನು ಮತ್ತೆ ಬಿಲ್ಡ್ ಮಾಡಬೇಡಿ. ಇಂಟರ್ನಲ್‌ನಲ್ಲಿ ಪಾಸಾದ ಅದೇ ಬಂಡಲನ್ನು `Promote release` ಮೂಲಕ ಕ್ಲೋಸ್ಡ್‌ಗೆ, ಆಮೇಲೆ ಅದನ್ನೇ ಪ್ರೊಡಕ್ಷನ್‌ಗೆ ದಾಟಿಸಿ. ಹೊಸದಾಗಿ ಬಿಲ್ಡ್ ಮಾಡಿದರೆ, ಕೋಡ್ ಅದೇ ಎಂದು ನೀವು ನಂಬಿದ್ದರೂ, ಟೆಸ್ಟ್ ಆಗದ ವಸ್ತುವನ್ನು ಬಿಟ್ಟಂತೆಯೇ.

ಎಷ್ಟು ಜನ ಬೇಕು? ನಮ್ಮ ದೋಷ 100ಕ್ಕೆ 3 ಅಂಗಡಿಗಳಲ್ಲಿ ಇದೆ. 20 ಅಂಗಡಿಯವರು ಹಳೆಯದರ ಮೇಲೆ ಅಪ್‌ಡೇಟ್ ಹಾಕಿ ನೋಡಿದರೂ, ಒಬ್ಬರಿಗೂ ತೊಂದರೆ ಕಾಣದೇ ಇರುವ ಸಾಧ್ಯತೆ ಸುಮಾರು 54%. ಅಂದರೆ ನಾಣ್ಯ ಚಿಮ್ಮಿದಂತೆ. 100 ಜನ ನೋಡಿದರೆ ಆ ಸಾಧ್ಯತೆ 5%ಕ್ಕೆ ಇಳಿಯುತ್ತದೆ. ಸುಲಭದ ಲೆಕ್ಕವೊಂದಿದೆ: ಎಷ್ಟು ಜನರಲ್ಲಿ ಒಬ್ಬರಿಗೆ ಬರುವ ದೋಷವನ್ನು ಹಿಡಿಯಬೇಕೋ ಅದರ ಮೂರು ಪಟ್ಟು ಜನ ಬೇಕು. 33ರಲ್ಲಿ ಒಬ್ಬರಿಗಾದರೆ 100 ಜನ, ಸಾವಿರದಲ್ಲಿ ಒಬ್ಬರಿಗಾದರೆ 3,000 ಜನ. ಎರಡನೆಯದನ್ನು ಕ್ಲೋಸ್ಡ್ ಟೆಸ್ಟ್‌ನಲ್ಲಿ ಹಿಡಿಯಲು ಹೆಚ್ಚಿನ ತಂಡಗಳಿಗೆ ಆಗುವುದಿಲ್ಲ. ಅದಕ್ಕೆ ಮುಂದಿನ ಹಂತವೇ ಬೇಕು.

ಇನ್ನೊಂದು ಮೌನ ಬಲೆ ಇದೆ. ಟೆಸ್ಟರ್‌ಗೆ ಸಿಗುವುದು ಅವರಿಗೆ ಅರ್ಹವಾದ ಆವೃತ್ತಿಗಳಲ್ಲಿ ಅತಿ ದೊಡ್ಡ ವರ್ಷನ್ ಕೋಡ್ ಇರುವುದು. ಕ್ಲೋಸ್ಡ್ ಟ್ರ್ಯಾಕ್‌ನಲ್ಲಿ 40, ಪ್ರೊಡಕ್ಷನ್‌ನಲ್ಲಿ 41 ಇದ್ದರೆ ನಿಮ್ಮ ಟೆಸ್ಟರ್‌ಗಳ ಕೈಲಿರುವುದು 41. ಅವರು "ಎಲ್ಲ ಚೆನ್ನಾಗಿದೆ" ಎನ್ನುತ್ತಾರೆ, ನೀವು ನಂಬುತ್ತೀರಿ. ಟೆಸ್ಟ್ ಟ್ರ್ಯಾಕ್‌ನ ಸಂಖ್ಯೆ ಯಾವಾಗಲೂ ಪ್ರೊಡಕ್ಷನ್‌ಗಿಂತ ಮುಂದಿರಲಿ.

## ಹಂತ 4: ಹಂತಹಂತವಾಗಿ ಬಿಡುವುದು

ಪ್ರೊಡಕ್ಷನ್‌ಗೆ ಬಿಡುವಾಗ ಎಷ್ಟು ಶೇಕಡಾ ಜನರಿಗೆ ಕೊಡಬೇಕೆಂದು ಕನ್ಸೋಲ್ ಕೇಳುತ್ತದೆ. ಇದೇ ಸ್ಟೇಜ್ಡ್ ರೋಲ್‌ಔಟ್. ಯಾರಿಗೆ ಎಂಬುದನ್ನು ಪ್ಲೇ ತಾನೇ ಯಾದೃಚ್ಛಿಕವಾಗಿ ಆರಿಸುತ್ತದೆ. ಆ್ಯಪ್‌ನ ಮೊಟ್ಟಮೊದಲ ಬಿಡುಗಡೆಗೆ ಈ ಸೌಲಭ್ಯವಿಲ್ಲ, ಅಪ್‌ಡೇಟ್‌ಗಳಿಗೆ ಮಾತ್ರ.

40,000 ಬಳಕೆದಾರರ ಆ್ಯಪ್‌ಗೆ ಈ ಏಣಿ ಸರಿಹೋಗುತ್ತದೆ:

1. ಮೊದಲ ದಿನ 1%, ಅಂದರೆ 400 ಜನ.
2. ಒಂದೆರಡು ದಿನ ಬಿಟ್ಟು 5%, ಅಂದರೆ 2,000 ಜನ.
3. ನಾಲ್ಕನೆಯ ದಿನದ ಹೊತ್ತಿಗೆ 20%.
4. ಆಮೇಲೆ 50%, ಕೊನೆಗೆ 100%.

ಬಳಕೆದಾರರು 2,000 ಮಾತ್ರ ಇದ್ದರೆ 1% ಎಂದರೆ 20 ಜನ, ಅದರಿಂದ ಏನೂ ತಿಳಿಯುವುದಿಲ್ಲ. ಅಂಥವರು 10 ಅಥವಾ 20%ನಿಂದಲೇ ಶುರುಮಾಡುವುದು ಒಳ್ಳೆಯದು.

ಪ್ರತಿ ಮೆಟ್ಟಿಲಲ್ಲೂ ಒಂದು ಪೂರ್ತಿ ದಿನ ಕಾಯಬೇಕಾದದ್ದಕ್ಕೆ ಕಾರಣವಿದೆ. 1% ಎಂದು ಒತ್ತಿದ ಕ್ಷಣ 400 ಫೋನ್‌ಗಳಿಗೆ ಅಪ್‌ಡೇಟ್ ಇಳಿಯುವುದಿಲ್ಲ, ಅಷ್ಟು ಜನ ಅದಕ್ಕೆ ಅರ್ಹರಾಗುತ್ತಾರೆ ಅಷ್ಟೆ. ತಾನಾಗಿ ಆಗುವ ಅಪ್‌ಡೇಟ್ ಸಾಮಾನ್ಯವಾಗಿ ಫೋನ್ ವೈಫೈಯಲ್ಲಿದ್ದು, ಚಾರ್ಜ್ ಆಗುತ್ತಾ, ಸುಮ್ಮನಿದ್ದಾಗ ನಡೆಯುತ್ತದೆ. ವೈಫೈ ಇಲ್ಲದೆ ಮೊಬೈಲ್ ಡೇಟಾದಲ್ಲೇ ಇರುವ ಅಂಗಡಿಯವರಿಗೆ ಇನ್ನೂ ತಡ. ಎರಡು ಗಂಟೆಯಲ್ಲಿ ಕ್ರ್ಯಾಶ್ ಸೊನ್ನೆ ಎಂದು ಖುಷಿಪಟ್ಟು 50%ಗೆ ಏರಿಸಿದರೆ, ಸೊನ್ನೆ ಕ್ರ್ಯಾಶ್‌ಗೆ ಕಾರಣ ಯಾರೂ ಇನ್ನೂ ಆ್ಯಪ್ ತೆರೆಯದಿರುವುದು ಎಂದು ಆಮೇಲೆ ಗೊತ್ತಾಗುತ್ತದೆ. ಎಷ್ಟು ಜನರಿಗೆ ಹೋಗಿದೆ ಎಂಬುದನ್ನು ಶೇಕಡಾದಿಂದ ಊಹಿಸಬೇಡಿ, ಹೊಸ ಆವೃತ್ತಿಯಲ್ಲಿ ನಿಜವಾಗಿ ಸಕ್ರಿಯವಾಗಿರುವ ಸಾಧನಗಳ ಸಂಖ್ಯೆಯನ್ನೇ ನೋಡಿ.

ಶುಕ್ರವಾರ ಸಂಜೆ, ಹಬ್ಬದ ಹಿಂದಿನ ದಿನ ಏಣಿ ಹತ್ತುವುದು ಬೇಡ. ನೋಡುವವರಿಲ್ಲದ ದಿನ ಶೇಕಡಾ ಏರಿಸಬಾರದು.

### ಏನನ್ನು ನೋಡಬೇಕು

ಕನ್ಸೋಲ್‌ನ ಆಂಡ್ರಾಯ್ಡ್ ವೈಟಲ್ಸ್ ಪುಟದಲ್ಲಿ ಕ್ರ್ಯಾಶ್ ಪ್ರಮಾಣ ಮತ್ತು ಎಎನ್‌ಆರ್ ಪ್ರಮಾಣ ಇರುತ್ತವೆ. ಎಎನ್‌ಆರ್ ಎಂದರೆ ಆ್ಯಪ್ ಪ್ರತಿಕ್ರಿಯಿಸದೆ ಗಟ್ಟಿಯಾಗಿ ನಿಂತುಬಿಡುವುದು. ಬಳಕೆದಾರರಿಗೆ ಕಾಣುವ ಕ್ರ್ಯಾಶ್ 1.09%, ಎಎನ್‌ಆರ್ 0.47% ದಾಟಿದರೆ ಗೂಗಲ್ ಅದನ್ನು ಕೆಟ್ಟ ನಡತೆ ಎಂದು ಎಣಿಸುತ್ತದೆ, ಪ್ಲೇಯಲ್ಲಿ ಆ್ಯಪ್ ಕಾಣಿಸಿಕೊಳ್ಳುವುದೂ ಕಡಿಮೆಯಾಗಬಹುದು.

ಹಂತಹಂತದ ಬಿಡುಗಡೆಯ ವೇಳೆ ಈ ಒಟ್ಟು ಅಂಕಿಯನ್ನು ನೋಡಿ ಕೂತರೆ ಮೋಸಹೋಗುತ್ತೀರಿ. ನಮ್ಮ 42 ಈಗ 5%ನಲ್ಲಿದೆ. 2,000 ಜನರಲ್ಲಿ 3%, ಅಂದರೆ 60 ಅಂಗಡಿಯವರಿಗೆ ಆ್ಯಪ್ ತೆರೆಯುವುದೇ ಇಲ್ಲ. ಆದರೆ 40,000ಕ್ಕೆ ಭಾಗಿಸಿದರೆ ಅದು ಬರೀ 0.15%. ಪುಟದಲ್ಲಿ ಎಲ್ಲವೂ ಹಸಿರು. ವರ್ಷನ್ ಕೋಡ್ 42 ಎಂದು ಸೋಸಿ ನೋಡಿದಾಗಷ್ಟೇ 3% ಕಾಣುತ್ತದೆ. ಜೊತೆಗೆ 41ರ ಅಂಕಿಯನ್ನು ಪಕ್ಕಕ್ಕಿಟ್ಟುಕೊಳ್ಳಿ. ನಿಮ್ಮ ಹೋಲಿಕೆ ಹಿಂದಿನ ಆವೃತ್ತಿಯ ಜೊತೆ ಇರಬೇಕು.

ವೈಟಲ್ಸ್‌ನ ಅಂಕಿಗಳು ತಡವಾಗಿ ಬರುತ್ತವೆ, ಮಾಹಿತಿ ಹಂಚಿಕೊಳ್ಳಲು ಒಪ್ಪಿದ ಬಳಕೆದಾರರಿಂದ ಮಾತ್ರ ಬರುತ್ತವೆ. ಆದ್ದರಿಂದ ಕ್ರ್ಯಾಶ್‌ಲಿಟಿಕ್ಸ್‌ನಂಥ ಬೇಗ ವರದಿ ಕೊಡುವ ಸಾಧನವೂ ಇರಲಿ. ಕ್ರ್ಯಾಶ್ ಆಗದೆಯೇ ಕೆಡುವ ಸಂಗತಿಗಳು ಎರಡರಲ್ಲೂ ಕಾಣುವುದಿಲ್ಲ. ಒಟ್ಟು ಮೊತ್ತ ತಪ್ಪು ತೋರಿಸಿದರೆ ಅದು ಕ್ರ್ಯಾಶ್ ಅಲ್ಲ. ಅದಕ್ಕೆ ಒಂದು ಸ್ಟಾರ್ ವಿಮರ್ಶೆಗಳನ್ನು ಆವೃತ್ತಿಯ ಪ್ರಕಾರ ಸೋಸಿ ದಿನಕ್ಕೆರಡು ಸಲ ಓದಬೇಕು.

## ಹಂತ 5: ನಿಲ್ಲಿಸುವುದು

ಯಾವಾಗ ನಿಲ್ಲಿಸಬೇಕು ಎಂಬುದನ್ನು ಬಿಡುಗಡೆಗೆ ಮೊದಲೇ ಬರೆದಿಡಿ, ಗಾಬರಿಯಲ್ಲಿ ಚರ್ಚೆ ಬೇಡ. ಆ್ಯಪ್ ತೆರೆಯದಿರುವುದು, ಡೇಟಾ ಅಳಿಯುವುದು, ಹಣದ ಲೆಕ್ಕ ತಪ್ಪುವುದು, ಲಾಗಿನ್ ಆಗದಿರುವುದು: ಈ ನಾಲ್ಕರಲ್ಲಿ ಯಾವುದೇ ಒಂದರ ನಂಬಲರ್ಹ ದೂರು ಬಂದರೂ ಮೊದಲು ನಿಲ್ಲಿಸಿ, ಕಾರಣ ಆಮೇಲೆ ಹುಡುಕಿ. ಕ್ರ್ಯಾಶ್ ಪ್ರಮಾಣ ಹಿಂದಿನ ಆವೃತ್ತಿಯ ಎರಡರಷ್ಟಾದರೂ ಹಾಗೆಯೇ. ಕಾಗುಣಿತದ ತಪ್ಪಿಗೆ ನಿಲ್ಲಿಸಬೇಕಾಗಿಲ್ಲ.

ಪ್ರೊಡಕ್ಷನ್ ಟ್ರ್ಯಾಕ್‌ನ `Releases` ಟ್ಯಾಬ್‌ನಲ್ಲಿ ಆ ಬಿಡುಗಡೆಯನ್ನು ಹುಡುಕಿ, `Manage rollout` ಒತ್ತಿ, `Halt rollout` ಆರಿಸಿ ಖಚಿತಪಡಿಸಿ. ಇನ್ನು ಮುಂದೆ 42 ಹೊಸಬರಿಗೆ ಹೋಗುವುದಿಲ್ಲ, ಹೊಸದಾಗಿ ಇಳಿಸುವವರಿಗೆ 41 ಸಿಗುತ್ತದೆ. ಆಗಲೇ 42 ಇಳಿದಿರುವ ಫೋನ್‌ಗಳಲ್ಲಿ 42 ಹಾಗೇ ಇರುತ್ತದೆ. 100%ಗೆ ಹೋಗಿಬಿಟ್ಟ ಬಿಡುಗಡೆಯನ್ನೂ ನಿಲ್ಲಿಸುವ ಸೌಲಭ್ಯವನ್ನು ಗೂಗಲ್ 2025ರಲ್ಲಿ ತಂದಿದೆ, ಆದರೆ ಅದರ ಪರಿಣಾಮವೂ ಇಷ್ಟೇ: ಮುಂದೆ ಹರಡದು.

ಅದೇ ಜಾಗದಲ್ಲಿ ಈಗ `Resume rollout` ಕಾಣಿಸುತ್ತದೆ. ಅದು ಕೆಟ್ಟ 42ನ್ನೇ ಮತ್ತೆ ಹರಡಲು ಶುರುಮಾಡುತ್ತದೆ. ತಪ್ಪು ಸರ್ವರ್‌ನದ್ದು, ಆ್ಯಪ್‌ನದ್ದಲ್ಲ ಎಂದು ಖಚಿತವಾದಾಗ ಮಾತ್ರ ಅದನ್ನು ಒತ್ತಬೇಕು.

ನಿಲ್ಲಿಸಿದ ಮರುಕ್ಷಣ ಮಾಡಬೇಕಾದ ಇನ್ನೊಂದು ಕೆಲಸ ವಿಮರ್ಶೆಗಳಿಗೆ ಉತ್ತರ. ಆ್ಯಪ್ ತೆರೆಯದಿದ್ದಾಗ ಜನ ಮೊದಲು ಮಾಡುವುದು ಅನ್‌ಇನ್‌ಸ್ಟಾಲ್. ನಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ ವರ್ಷಗಳ ಉದ್ರಿ ಲೆಕ್ಕ ಹೋಯಿತು. ಹೀಗೆ ಬರೆಯಿರಿ: "ತೊಂದರೆಗೆ ಕ್ಷಮಿಸಿ. ನಿಮ್ಮ ಲೆಕ್ಕ ಫೋನಿನಲ್ಲಿ ಭದ್ರವಾಗಿದೆ. ದಯವಿಟ್ಟು ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಬೇಡಿ, ಡೇಟಾ ಅಳಿಸಬೇಡಿ. ಸರಿಪಡಿಸಿದ ಅಪ್‌ಡೇಟ್ ಬಂದ ಕೂಡಲೇ ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಒತ್ತಿದರೆ ಸಾಕು." ಲೆಕ್ಕ ಭದ್ರವಾಗಿದೆ ಎನ್ನಲು ಆಧಾರವಿದೆ: ರೂಮ್‌ನ ಮೈಗ್ರೇಶನ್ ಒಂದು ವಹಿವಾಟಿನೊಳಗೆ ನಡೆಯುತ್ತದೆ, ಅಂದರೆ ನಡುವೆ ಸೋತರೆ ಪೂರ್ತಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಡೇಟಾಬೇಸ್ 3ರಲ್ಲೇ ಉಳಿಯುತ್ತದೆ, ಆ್ಯಪ್ ಪ್ರತಿ ಸಲ ತೆರೆದಾಗಲೂ ಮತ್ತೆ ಪ್ರಯತ್ನಿಸಿ ಮತ್ತೆ ಬೀಳುತ್ತದೆ.

## ಹಂತ 6: ಮುಂದಕ್ಕೆ ಹೋಗಿ ಸರಿಪಡಿಸುವುದು

ಈಗ ಎಲ್ಲರಿಗೂ ಹೊಳೆಯುವ ಉಪಾಯ, 41ರ ಕೋಡನ್ನೇ ತೆಗೆದುಕೊಂಡು ಅದಕ್ಕೆ 43 ಎಂದು ಸಂಖ್ಯೆ ಹಾಕಿ ಬಿಡುವುದು. ಡೇಟಾಬೇಸ್ ಮುಟ್ಟದ ಅಪ್‌ಡೇಟ್ ಆಗಿದ್ದರೆ ಇದು ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಬಳಕೆದಾರರು ಈಗ ಮೂರು ಗುಂಪಾಗಿದ್ದಾರೆ:

- 41ರಲ್ಲೇ ಇರುವವರು. ಡೇಟಾಬೇಸ್ 3, ಆ್ಯಪ್ ಸರಿಯಾಗಿದೆ.
- 42 ಇಳಿದು ಮೈಗ್ರೇಶನ್ ಸರಿಯಾಗಿ ಮುಗಿದವರು. ಡೇಟಾಬೇಸ್ 4, ಆ್ಯಪ್ ಸರಿಯಾಗಿದೆ.
- 42 ಇಳಿದು ಮೈಗ್ರೇಶನ್ ಸೋತವರು. ಡೇಟಾಬೇಸ್ 3, ಆ್ಯಪ್ ತೆರೆಯುತ್ತಿಲ್ಲ.

ಹಳೆಯ ಕೋಡ್ ಬಿಟ್ಟರೆ ಮೂರನೆಯ ಗುಂಪು ಬದುಕುತ್ತದೆ, ಎರಡನೆಯದು ಬೀಳುತ್ತದೆ. ಅವರ ಫೋನಿನಲ್ಲಿರುವ 4ನ್ನು 3ಕ್ಕೆ ಇಳಿಸುವ ದಾರಿ ಹಳೆಯ ಕೋಡ್‌ಗೆ ಗೊತ್ತಿಲ್ಲ. `A migration from 4 to 3 was required but not found` ಎಂದು ಹೇಳಿ ನಿಲ್ಲುತ್ತದೆ. 60 ಜನರ ತೊಂದರೆ ತಪ್ಪಿಸಲು ಹೋಗಿ 1,940 ಜನರನ್ನು ಕೆಡವಿದಂತಾಗುತ್ತದೆ.

ಇದಕ್ಕಿಂತ ಅಪಾಯದ ಸಲಹೆಯೊಂದು ಹುಡುಕಿದ ಕಡೆಯೆಲ್ಲ ಸಿಗುತ್ತದೆ: `fallbackToDestructiveMigration` ಸೇರಿಸಿ, ಕ್ರ್ಯಾಶ್ ನಿಲ್ಲುತ್ತದೆ ಎಂದು. ಮೈಗ್ರೇಶನ್ ದಾರಿ ಸಿಗದಿದ್ದಾಗ ಇದು ಕೋಷ್ಟಕಗಳನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡುತ್ತದೆ. ಕ್ರ್ಯಾಶ್ ನಿಲ್ಲುತ್ತದೆ ನಿಜ, ಲೆಕ್ಕವೂ ಹೋಗುತ್ತದೆ. ಸರ್ವರ್‌ನಿಂದ ಮತ್ತೆ ತುಂಬಬಹುದಾದ ಡೇಟಾ ಇದ್ದರೆ ಮಾತ್ರ ಇದು ಸರಿ. ಬಳಕೆದಾರರ ಸ್ವಂತ ಬರಹ ಫೋನಿನಲ್ಲಷ್ಟೇ ಇದ್ದರೆ ಎಂದೂ ಬಳಸಬೇಡಿ.

ಸರಿಯಾದ ದಾರಿ ಡೇಟಾಬೇಸನ್ನು 5ಕ್ಕೆ ಒಯ್ಯುವುದು. ಒಂದು ಮನೆಗೆ ಒಂದೇ ನಂಬರ್ ಇರುವುದು ಸಹಜವಾದ್ದರಿಂದ ಆ ನಿಯಮವೇ ತಪ್ಪಾಗಿತ್ತು, ಅದನ್ನು ತೆಗೆದುಹಾಕೋಣ. 3ರಿಂದ 4ಕ್ಕೆ ಹೋಗುವ ಮೈಗ್ರೇಶನ್‌ನಲ್ಲಿ ಮೊದಲ ಸಾಲು ಮಾತ್ರ ಉಳಿಸಿ, ಇಂಡೆಕ್ಸ್ ಸಾಲನ್ನು ಅಳಿಸಿ. 4ರಿಂದ 5ಕ್ಕೆ ಹೊಸದೊಂದು ಬರೆಯಿರಿ:

```
DROP INDEX IF EXISTS index_customer_phone;
```

ಒಂದನೆಯ ಮತ್ತು ಮೂರನೆಯ ಗುಂಪಿನವರು 3ರಿಂದ 4, 4ರಿಂದ 5 ಹೀಗೆ ಎರಡೂ ಮೆಟ್ಟಿಲು ಹತ್ತುತ್ತಾರೆ. ಅವರಲ್ಲಿ ಆ ಇಂಡೆಕ್ಸ್ ಇರುವುದೇ ಇಲ್ಲ, `IF EXISTS` ಇರುವುದರಿಂದ ತೊಂದರೆಯಿಲ್ಲ. ಎರಡನೆಯ ಗುಂಪಿನವರು ಒಂದೇ ಮೆಟ್ಟಿಲು ಹತ್ತುತ್ತಾರೆ. ಕೊನೆಗೆ ಮೂವರೂ ಒಂದೇ ರೂಪಕ್ಕೆ ಬರುತ್ತಾರೆ. ಎಂಟಿಟಿ ಕ್ಲಾಸ್‌ನಿಂದಲೂ ಆ ಇಂಡೆಕ್ಸ್ ಘೋಷಣೆಯನ್ನು ತೆಗೆಯಲು ಮರೆಯಬೇಡಿ. ಆವೃತ್ತಿಯನ್ನು 4ರಲ್ಲೇ ಬಿಟ್ಟು ಇಂಡೆಕ್ಸ್ ಮಾತ್ರ ತೆಗೆದರೆ, ರೂಪ ಬದಲಾಗಿದೆ ಆದರೆ ಸಂಖ್ಯೆ ಬದಲಾಗಿಲ್ಲ ಎಂದು ರೂಮ್ ಎರಡನೆಯ ಗುಂಪಿನವರಲ್ಲಿ ಆ್ಯಪನ್ನು ಕೆಡವುತ್ತದೆ.

ವರ್ಷನ್ ಕೋಡ್ 43 ಹಾಕಿ, ಮೊದಲು ಇಂಟರ್ನಲ್ ಟ್ರ್ಯಾಕ್‌ಗೆ ಬಿಡಿ. ಎಷ್ಟೇ ಅವಸರವಿದ್ದರೂ ಮೂರು ಫೋನ್‌ಗಳಲ್ಲಿ ಮೂರೂ ಗುಂಪಿನ ಸ್ಥಿತಿಯನ್ನು ತಂದು, ಅವುಗಳ ಮೇಲೆ 43 ಕೂರಿಸಿ ನೋಡಿ. ಇದಕ್ಕೆ ಅರ್ಧ ಗಂಟೆ ಸಾಕು. ಆಮೇಲೆ ಪ್ರೊಡಕ್ಷನ್‌ಗೆ ದಾಟಿಸಿ. ಸರಿಪಡಿಸಿದ ಬಿಲ್ಡ್‌ಗೂ ಗೂಗಲ್ ಪರಿಶೀಲನೆ ಇರುತ್ತದೆ, ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ. ಶೇಕಡಾ ಚಿಕ್ಕದಿರುವಾಗಲೇ ನಿಲ್ಲಿಸುವುದರ ಬೆಲೆ ಗೊತ್ತಾಗುವುದು ಈ ಕಾಯುವ ಹೊತ್ತಿನಲ್ಲಿ.

43ನ್ನು 10%ನಿಂದ ಶುರುಮಾಡಿ, ಅರ್ಧ ದಿನ ನೋಡಿ, ಬೇಗ 100%ಗೆ ಒಯ್ಯಿರಿ. ಇಲ್ಲಿ ನಿಧಾನದ ಏಣಿ ಸರಿಯಲ್ಲ. ತೊಂದರೆಯಲ್ಲಿರುವ 60 ಜನ ಈ 10%ನ ಒಳಗೇ ಇರುತ್ತಾರೆಂದು ನಂಬುವಂತಿಲ್ಲ, ಎಲ್ಲರಿಗೂ ತಲುಪುವುದು ಖಚಿತವಾಗುವುದು 100%ರಲ್ಲಿ ಮಾತ್ರ. ಆ್ಯಪ್‌ನೊಳಗೆ ಅಪ್‌ಡೇಟ್ ಸೂಚನೆ ತೋರಿಸುವ ಕೋಡ್ ನಿಮ್ಮಲ್ಲಿದ್ದರೂ ಅವರಿಗೆ ಅದು ಉಪಯೋಗಕ್ಕೆ ಬಾರದು, ಆ್ಯಪ್ ಅಲ್ಲಿಯವರೆಗೆ ತೆರೆಯುವುದೇ ಇಲ್ಲ. ಅವರು ಪ್ಲೇ ಸ್ಟೋರ್‌ಗೆ ಹೋಗಿ ಅಪ್‌ಡೇಟ್ ಒತ್ತಬೇಕು, ಇಲ್ಲವೇ ಅದು ತಾನಾಗಿ ಇಳಿಯುವವರೆಗೆ ಕಾಯಬೇಕು. ಮೊದಲು ಉತ್ತರಿಸಿದ ವಿಮರ್ಶೆಗಳಿಗೆ ಈಗ ಮತ್ತೊಮ್ಮೆ, "ಅಪ್‌ಡೇಟ್ ಬಂದಿದೆ" ಎಂದು ಬರೆಯಿರಿ.

ಮುಗಿದ ಮೇಲೆ ಕ್ಲೋಸ್ಡ್ ಟ್ರ್ಯಾಕನ್ನೂ 43ಕ್ಕೆ ಏರಿಸಿ. 4ರಿಂದ 5ಕ್ಕೆ ಹೋಗುವ ಆ ಒಂದು ಸಾಲಿನ ಮೈಗ್ರೇಶನ್ ಇನ್ನು ಬೇಡವೆಂದು ಮುಂದೆಂದೋ ಕೋಡ್ ಸ್ವಚ್ಛಗೊಳಿಸುವಾಗ ತೆಗೆದುಹಾಕಬೇಡಿ. ಆರು ತಿಂಗಳು ಡ್ರಾಯರ್‌ನಲ್ಲಿ ಬಿದ್ದಿದ್ದ ಫೋನೊಂದು ಆಮೇಲೆ ತೆರೆದುಕೊಂಡಾಗ ಅದರಲ್ಲಿ ಇನ್ನೂ 42 ಇರುತ್ತದೆ, ಡೇಟಾಬೇಸ್ 4ರಲ್ಲಿರುತ್ತದೆ.